ಕೆಮಿಸ್ಟ್ರಿ ಲ್ಯಾಬಿನ ಕಾಕಾ

ಬರುವ ಡಿಸೆಂಬರ್ ಕೊನೆಗೆ ನಮ್ಮ ಕೆಮಿಸ್ಟ್ರಿ ಲ್ಯಾಬಿನ ಕಾಕಾ ರಿಟೈರ್ ಆಗುತ್ತಾರೆ. ದಸರಾ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ನಾನು ಬೇರೆ ವಿಷಯ ಹುಡುಕಲೇ ಇಲ್ಲ. ಬಿ.ಎಸ್‌ಸಿ.ಯಲ್ಲಿ ಯಾವ ವರ್ಷ ಯಾವ ಪಾಠ ಇತ್ತು ಅಂತ ಕೇಳಿದರೆ ಈಗ ಹೇಳಲು ಬರುವುದಿಲ್ಲ. ಕಾಕಾ ಕಲಿಸಿದ್ದು ಮಾತ್ರ ಒಂದೂ ಮರೆತಿಲ್ಲ.

ರಿಜಿಸ್ಟರಿನಲ್ಲಿ ಅವರು ಅಟೆಂಡರ್. ನಮಗೆ ಕಾಕಾ. ಅವರಿಗೆ ನಾವೆಲ್ಲ ‘ತಮ್ಮಾ’, ‘ತಂಗಿ’. ನಮ್ಮ ಪ್ರಾಕ್ಟಿಕಲ್ ಶುರುವಾಗುತ್ತಿದ್ದದ್ದು ಹನ್ನೊಂದಕ್ಕೆ. ಕಾಕಾ ಅವರ ಕೆಲಸ ಶುರುವಾಗುತ್ತಿದ್ದದ್ದು ನೀರಿನಿಂದ. ವಿಜಯಪುರದ ಬೋರ್ ನೀರಿನ ಗಡಸುತನ ಇಲ್ಲಿ ಬೆಳೆದವರಿಗೆ ಗೊತ್ತೇ ಇದೆ. ಡಿಸ್ಟಿಲ್ಡ್ ವಾಟರ್ ಯಂತ್ರದ ಕಾಯಿಲ್ ಮೇಲೆ ಬಿಳಿ ಪದರು ಕಟ್ಟುತ್ತಿತ್ತು. ಅದನ್ನು ತೆಳು ಆಸಿಡ್‌ನಲ್ಲಿ ನೆನೆಸಿ ತೆಗೆಯುತ್ತಿದ್ದರು. ಆಮೇಲೆ ಬಂದ ನೀರನ್ನೂ ಸುಮ್ನೆ ನಂಬುತ್ತಿರಲಿಲ್ಲ. ಟೆಸ್ಟ್ ಟ್ಯೂಬಿಗೆ ಸ್ವಲ್ಪ ತೆಗೆದುಕೊಂಡು ಸಿಲ್ವರ್ ನೈಟ್ರೇಟ್ ಒಂದೆರಡು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ತಿಳಿಯಾಗಿಯೇ ಇದ್ದರೆ ಸರಿ. ಸ್ವಲ್ಪ ಬೆಳ್ಳಗೆ ಮಬ್ಬಾದರೂ ಉಪ್ಪಿನ ಅಂಶ ಉಳಿದಿದೆ ಎಂದು ಅರ್ಥ, ಆ ಕ್ಯಾನ್ ಪೂರ್ತಿ ಪಾತ್ರೆ ತೊಳೆಯಲು ಹೋಗುತ್ತಿತ್ತು.

ಅವರ ದೊಡ್ಡಸ್ತಿಕೆ ನಮಗೆ ಅರ್ಥವಾದದ್ದು ಎರಡನೇ ವರ್ಷದ ಒಂದು ಟೈಟ್ರೇಶನ್ ದಿನ. ಆಕ್ಸಾಲಿಕ್ ಆಸಿಡ್ ಮತ್ತು ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ವಿಜ್ಞಾನ ಓದಿದ ಯಾರೂ ಮರೆಯದ ಪ್ರಯೋಗ ಅದು. ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಸಿಡ್, ಅದಕ್ಕೆ ತೆಳು ಸಲ್ಫ್ಯೂರಿಕ್ ಆಸಿಡ್ ಸೇರಿಸಿ 60–70 ಡಿಗ್ರಿಯವರೆಗೆ ಬಿಸಿ ಮಾಡಬೇಕು. ಮೇಲಿನಿಂದ ಪರ್ಮ್ಯಾಂಗನೇಟ್ ಹನಿ ಬೀಳಬೇಕು. ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ, ಆಮೇಲೆ ಬಿದ್ದ ಹಾಗೆಯೇ ಮಾಯವಾಗುತ್ತದೆ. ಕೊನೆಗೆ ಒಂದು ಹನಿಗೆ ತಿಳಿ ಗುಲಾಬಿ ಬಣ್ಣ ಬಂದು ನಿಂತರೆ ಮುಗಿಯಿತು.

ಅವತ್ತು ಗುಲಾಬಿ ಬರಲೇ ಇಲ್ಲ. ಒಬ್ಬೊಬ್ಬರ ಫ್ಲಾಸ್ಕೂ ಕಂದು ಬಣ್ಣಕ್ಕೆ ತಿರುಗಿ ರಾಡಿಯಾಯಿತು. ಸರ್ ಬಂದರು, ಸರಿಯಾಗಿ ಬಿಸಿ ಮಾಡಿಲ್ಲ ಎಂದು ಬೈದರು. ಮತ್ತೆ ಬಿಸಿ ಮಾಡಿದೆವು, ಮತ್ತೆ ಕಂದು. ಇಡೀ ಬ್ಯಾಚಿಗೆ ಹೀಗಾದರೆ ತಪ್ಪು ಹುಡುಗರದಲ್ಲ ಎಂದು ಮೊದಲು ಹೇಳಿದವರು ಕಾಕಾ.

ಟೇಬಲ್ಲಿನ ಮೇಲಿದ್ದ ತೆಳು ಸಲ್ಫ್ಯೂರಿಕ್ ಬಾಟಲಿ ಎತ್ತಿಕೊಂಡರು. ಎರಡು ಟೆಸ್ಟ್ ಟ್ಯೂಬಿಗೆ ಒಂದೊಂದು ಚಿಟಿಕೆ ಅಡುಗೆ ಸೋಡಾ ಹಾಕಿದರು. ಒಂದಕ್ಕೆ ಆ ಬಾಟಲಿಯ ಆಸಿಡ್, ಇನ್ನೊಂದಕ್ಕೆ ಒಳಗಿನ ಕೋಣೆಯ ಸ್ಟಾಕ್ ಬಾಟಲಿಯದು. ಎರಡನೆಯದು ಬುಸ್ ಎಂದು ನೊರೆ ಉಕ್ಕಿ ಬಾಯಿಯವರೆಗೆ ಬಂತು. ಮೊದಲನೆಯದರಲ್ಲಿ ನಾಲ್ಕು ಗುಳ್ಳೆ ಎದ್ದು ಸುಮ್ಮನಾಯಿತು. “ಇದರಾಗ ಯಾರೋ ನೀರ ಸುರುವ್ಯಾರ್ರೀ ಸರ್” ಎಂದರು. ಬಾಟಲಿ ತಳಕ್ಕೆ ಇಳಿದಿತ್ತಂತೆ, ಯಾರೋ ಅದನ್ನು ನೀರಿನಿಂದ ತುಂಬಿಸಿಟ್ಟಿದ್ದರು. ಆಸಿಡ್ ಸಾಲದಿದ್ದರೆ ಪರ್ಮ್ಯಾಂಗನೇಟ್ ತನ್ನ ಕೆಲಸ ಪೂರ್ತಿ ಮಾಡದೆ ನಡುದಾರಿಯಲ್ಲೇ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಂತುಬಿಡುತ್ತದೆ. ಆ ಕಂದು ಅದರದೇ. ಆಗ ಪರ್ಮ್ಯಾಂಗನೇಟ್ ಜಾಸ್ತಿ ಖರ್ಚಾಗುತ್ತದೆ, ರೀಡಿಂಗ್ ಪೂರ್ತಿ ಸುಳ್ಳಾಗುತ್ತದೆ.

ಆಮೇಲೆ ನನ್ನ ಫ್ಲಾಸ್ಕನ್ನೇ ತೆಗೆದುಕೊಂಡು, ಒಳ್ಳೆಯ ಆಸಿಡ್ ಸ್ವಲ್ಪ ಹಾಕಿ ಬಿಸಿ ಮಾಡಿ ತೋರಿಸಿದರು. ಕಂದು ಕರಗಿ ನೀರು ತಿಳಿಯಾಯಿತು. ಅಷ್ಟಾದ ಮೇಲೂ ಆ ಫ್ಲಾಸ್ಕಿನಲ್ಲಿ ಮುಂದುವರಿಯಲು ಬಿಡಲಿಲ್ಲ. “ಬಣ್ಣ ಹೋತು ಅಂದ್ರ ಲೆಕ್ಕ ಸರಿ ಆತು ಅಂತಲ್ಲ ತಮ್ಮಾ. ಚೆಲ್ಲು, ಹೊಸದು ತಗೋ” ಎಂದರು. ಹೊಸ ಆಸಿಡ್ ಅನ್ನು ನಮ್ಮ ಎದುರೇ ಮಾಡಿದರು. ಬೀಕರನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು, ಅದರೊಳಗಿನ ನೀರಿಗೆ ಆಸಿಡ್ ಅನ್ನು ಗಾಜಿನ ಕಡ್ಡಿಯ ಗುಂಟ ಸ್ವಲ್ಪಸ್ವಲ್ಪವೇ ಇಳಿಸಿದರು. ಒಂದು ಲೀಟರ್ 2 ನಾರ್ಮಲ್ ದ್ರಾವಣಕ್ಕೆ ಸುಮಾರು 56 ಎಂ.ಎಲ್. ಗಟ್ಟಿ ಆಸಿಡ್. “ನೀರಾಗ ಆಸಿಡ್ ಹಾಕೂದು. ಆಸಿಡಿನ್ಯಾಗ ನೀರು ಹಾಕಿದ್ರ ಕುದ್ದು ಮಾರಿಗೆ ಸಿಡಿತೈತಿ.” ಸರ್ ಪಕ್ಕದಲ್ಲೇ ನಿಂತು ಕೇಳಿದರು. ಹುಡುಗರನ್ನು ಬೈದದ್ದಕ್ಕೆ ಆಮೇಲೆ ಕ್ಲಾಸಿನಲ್ಲಿ ಬೇಸರವನ್ನೂ ಹೇಳಿದರು. ಅದು ಅವರ ದೊಡ್ಡ ಗುಣ.

ನಾನೀಗ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಕಬ್ಬು ನುರಿಸುವ ದಿನಗಳಲ್ಲಿ ಹಗಲು ರಾತ್ರಿ ಸ್ಯಾಂಪಲ್ ಬರುತ್ತವೆ. ನನ್ನ ಲ್ಯಾಬಿನ ರಿಪೋರ್ಟನ್ನು ಯಾರೂ ಎರಡನೇ ಸಲ ಪ್ರಶ್ನಿಸುವುದಿಲ್ಲ, ಅದು ನನಗೆ ಹೆಮ್ಮೆ. ಹೊಸದಾಗಿ ಸೇರುವ ಹುಡುಗರಿಗೆ ಡಿಗ್ರಿ ಇರುತ್ತದೆ, ಒಳ್ಳೆಯ ಮಾರ್ಕ್ಸೂ ಇರುತ್ತವೆ. ಆದರೆ ಪರ್ಮ್ಯಾಂಗನೇಟಿನಂಥ ಗಾಢ ಬಣ್ಣದ ದ್ರಾವಣಕ್ಕೆ ಬ್ಯೂರೆಟ್‌ನಲ್ಲಿ ಮೇಲಿನ ಅಂಚನ್ನು ಓದಬೇಕು ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೇಳಿದರೆ ಪ್ರಯೋಗವನ್ನು ವಿಡಿಯೋದಲ್ಲಿ ತೋರಿಸಿದರು ಎನ್ನುತ್ತಾರೆ. ಕೈಗೆ ಬ್ಯೂರೆಟ್ ಕೊಡದೆ ಕೆಮಿಸ್ಟ್ರಿ ಕಲಿಸಲು ಹೇಗೆ ಸಾಧ್ಯ? ಇದು ನನ್ನ ನಿಜವಾದ ಬೇಸರ.

ಒಂದು ತುಂಟಾಟವನ್ನೂ ಹೇಳಬೇಕು. ಸಾಲ್ಟ್ ಅನಾಲಿಸಿಸ್ ಟೆಸ್ಟಿನ ಹಿಂದಿನ ಸಂಜೆ ನಮ್ಮ ಕ್ಲಾಸಿನ ಇಬ್ಬರು ಎರಡು ಬಾಟಲಿಗಳ ಚೀಟಿ ಅದಲುಬದಲು ಮಾಡಿದರು. ಒಂದರಲ್ಲಿ ಅಮೋನಿಯಂ ಕ್ಲೋರೈಡ್, ಇನ್ನೊಂದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್. ಎರಡೂ ಬಿಳಿ ಪುಡಿ. ಬೆಳಿಗ್ಗೆ ಕಾಕಾ ಚೀಟಿಯ ಅಂಚು ಎದ್ದಿದ್ದನ್ನು ನೋಡಿದರು. ವಾಚ್ ಗ್ಲಾಸಿನ ಮೇಲೆ ಒಂದು ಚಿಟಿಕೆ ಪುಡಿ ಹಾಕಿ, ಕಿಸೆಯಿಂದ ಎಲೆಅಡಿಕೆ ಚೀಲ ತೆಗೆದರು. ಡಬ್ಬಿಯ ಸುಣ್ಣ ಬೆರಳಿನಷ್ಟು ಸೇರಿಸಿ, ಎರಡು ಹನಿ ನೀರು ಹಾಕಿ ಕಡ್ಡಿಯಿಂದ ತಿಕ್ಕಿದರು. ಗಪ್ಪನೆ ಅಮೋನಿಯಾ ವಾಸನೆ ಬಂತು. ಏನೂ ಮಾತಾಡದೆ ಚೀಟಿಗಳನ್ನು ಮೊದಲಿನಂತೆ ಅಂಟಿಸಿದರು. ಯಾರು ಮಾಡಿದ್ದು ಎಂದು ಅವರಿಗೆ ಗೊತ್ತಿತ್ತು. ಸರ್ ಕಿವಿಗೆ ಹಾಕಲಿಲ್ಲ. ಆ ಇಬ್ಬರ ಕೈಯಲ್ಲಿ ಒಂದು ವಾರ ಬ್ಯೂರೆಟ್ ತೊಳೆಸಿದರು, ಅಷ್ಟೇ.

ಖಂಡೆಪೂಜೆಯ ದಿನ ಲ್ಯಾಬಿನ ಯಜಮಾನರೇ ಅವರು. ತಕ್ಕಡಿಯ ಗಾಜಿನ ಪೆಟ್ಟಿಗೆಯ ಕಟ್ಟಿಗೆ ಚೌಕಟ್ಟಿಗೆ ಕುಂಕುಮ, ಚೆಂಡುಹೂವು. ತಟ್ಟೆಗಾಗಲಿ ತೂಕದ ಬಟ್ಟುಗಳಿಗಾಗಲಿ ಒಂದು ಕಣ ತಾಗಬಾರದು, ತೂಕ ಕೆಡುತ್ತದೆ. ಸ್ಪಿರಿಟ್, ಈಥರ್ ಇರುವ ಜಾಗ, ಅದಕ್ಕೇ ಕರ್ಪೂರ ಹಚ್ಚುತ್ತಿದ್ದದ್ದು ಹೊರಗೆ ವರಾಂಡದಲ್ಲಿ. ಅಲ್ಲಿಂದಲೇ ಬಾಗಿಲಿಗೆ ಆರತಿ. ಆಮೇಲೆ ಕೈ ತೊಳೆಸಿ, ಲ್ಯಾಬಿನ ಹೊರಗೇ ಕೂರಿಸಿ ಚುರುಮುರಿ, ಮಿರ್ಚಿ ಹಂಚುತ್ತಿದ್ದರು. ಲ್ಯಾಬಿನೊಳಗೆ ಒಂದು ಕಾಳು ಬಾಯಿಗೆ ಹಾಕಲೂ ಬಿಟ್ಟವರಲ್ಲ.

ಈ ಸಲದ ಪೂಜೆ ಅವರು ನೌಕರಿಯಲ್ಲಿದ್ದು ಮಾಡುವ ಕೊನೆಯದು. ಕಾಲೇಜಿನವರಿಗೆ ನನ್ನದೊಂದು ಕೋರಿಕೆ ಇದೆ. ಯಾವ ದ್ರಾವಣಕ್ಕೆ ಎಷ್ಟು ಗ್ರಾಂ, ಯಾವುದು ಎಷ್ಟು ದಿನ ಬಾಳುತ್ತದೆ ಎಂದು ಕಾಕಾ ಕನ್ನಡದಲ್ಲಿ ಬರೆದಿಟ್ಟುಕೊಂಡ ಉದ್ದನೆಯ ನೋಟ್‌ಬುಕ್ ಒಂದಿದೆ. ಅವರನ್ನು ಕೇಳಿ ಅದರ ಜೆರಾಕ್ಸ್ ಮಾಡಿಸಿಡಿ. ಮುಂದೆ ಬರುವ ಅಟೆಂಡರಿಗೆ ಅದು ಬೇಕೇ ಬೇಕು. ಖರ್ಚು ನಮ್ಮ ಬ್ಯಾಚಿನದು.

ಕಾಕಾ, ಹಬ್ಬದ ಶುಭಾಶಯಗಳು. ದಶಮಿ ದಿನ ಸಂಜೆ ಬನ್ನಿ ಕೊಡಲು ನಾವೆಲ್ಲ ನಿಮ್ಮ ಮನೆಗೆ ಬರುತ್ತೇವೆ. ಚೀಟಿ ಬದಲಿಸಿದ ಆ ಇಬ್ಬರೂ ಬರುತ್ತಾರೆ, ಒಬ್ಬ ಈಗ ಕೆಮಿಸ್ಟ್ರಿ ಲೆಕ್ಚರರ್. ಕಾಕಿಗೆ ಮೊದಲೇ ಹೇಳಿಡಿ, ಅಡುಗೆಯ ತೊಂದರೆ ತೆಗೆದುಕೊಳ್ಳುವುದು ಬೇಡ. ರೊಟ್ಟಿ, ಶೇಂಗಾ ಹೋಳಿಗೆ ನಾವೇ ಕಟ್ಟಿಕೊಂಡು ಬರುತ್ತೇವೆ.