ನೂರು ಕಿಲೋ ಬೆಣ್ಣೆ, ಎಪ್ಪತ್ತನಾಲ್ಕೂವರೆ ಕಿಲೋ ತುಪ್ಪ

ಬ್ಯಾಚ್ ಶೀಟಿನಲ್ಲಿ ಕಿಲೋ ಬೆಣ್ಣೆಗೆ 800 ಗ್ರಾಂ ತುಪ್ಪ ಎಂದು ಅಚ್ಚಾಗಿದೆ. ಅಂದು 100 ಕಿಲೋಗೆ ಬಂದದ್ದು 74.5 ಕಿಲೋ. ಐದೂವರೆ ಕಿಲೋ ಎಲ್ಲಿ ಹೋಯಿತು? ಉರಿ ಜಾಸ್ತಿಯಾಗಿ ತುಪ್ಪ ಸುಟ್ಟುಹೋಗಿದೆ ಎಂದುಕೊಂಡು, ಕೆಟಲ್ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೆದುರೇ ಕೇಳಿಬಿಟ್ಟೆ. "ಉರಿ ಸರಿಯಾಗೇ ಇತ್ತು ಸಾರ್, ಬೆಣ್ಣೆನೇ ನೀರಿತ್ತು" ಅಂದರು. ನಾನು ನಂಬಲಿಲ್ಲ.

ನಂಬಬೇಕಿತ್ತು. 115 ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದು ನೀರು, ಜಿಡ್ಡಲ್ಲ. ಉರಿ ಹೆಚ್ಚಾದರೆ ಗಸಿ ಕರಕಲಾಗಿ ತುಪ್ಪಕ್ಕೆ ಬಣ್ಣ ಏರುತ್ತದೆ, ಸೀದ ವಾಸನೆ ಬರುತ್ತದೆ. ತೂಕ ಅಷ್ಟೊಂದು ಇಳಿಯುವುದಿಲ್ಲ. ಅಂದಿನ ಗಸಿ ಹದವಾದ ಕಂದು ಬಣ್ಣದಲ್ಲೇ ಇತ್ತು. ಅದನ್ನು ನೋಡಿಯೇ ತಿಳಿಯಬೇಕಿತ್ತು.

ಕೊನೆಗೆ ಕೋಲ್ಡ್ ಸ್ಟೋರಿನಲ್ಲಿದ್ದ ಅದೇ ಲಾಟಿನ ಬೆಣ್ಣೆಯಲ್ಲಿ 10 ಗ್ರಾಂ ತೂಗಿ, ಅಲ್ಯೂಮಿನಿಯಂ ಬಟ್ಟಲಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿದೆವು. ಚಟಚಟ ನಿಂತು, ತಳದ ಕಣ ಕೆಂಪಗಾಗತೊಡಗಿದ ಕೂಡಲೇ ಇಳಿಸಿ, ಆರಿದ ಮೇಲೆ ತೂಗಿದಾಗ ಉಳಿದದ್ದು 7.9 ಗ್ರಾಂ. ಅಂದರೆ ನೂರಕ್ಕೆ 21 ಪಾಲು ನೀರು. ಟೇಬಲ್ ಬೆಣ್ಣೆಗೆ ನಿಯಮ ಬಿಡುವುದು 16. ಇದು ಮೊಸರು ಕಡೆದು ತೆಗೆದ, ಸರಿಯಾಗಿ ಹಿಂಡದ ಬೆಣ್ಣೆ.

ಲೆಕ್ಕ ತಾನಾಗೇ ಕೂಡಿತು. ನೀರು 21 ಕಿಲೋ, ಮಜ್ಜಿಗೆಯ ಘನಾಂಶ ಸುಮಾರು 2, ಉಳಿದ ಜಿಡ್ಡು 77. ಸೋಸಿದ ಗಸಿ 4 ಕಿಲೋ ತೂಗಿತು. ಅದರಲ್ಲಿ 2 ಕಿಲೋ ಘನಾಂಶವಾದರೆ ಮಿಕ್ಕ 2 ಕಿಲೋ ಅದು ಹೀರಿಕೊಂಡ ತುಪ್ಪವೇ. ಕೆಟಲ್ ಗೋಡೆಗೆ, ಸೋಸುವ ಬಟ್ಟೆಗೆ ಅಂಟಿದ್ದು ಅರ್ಧ ಕಿಲೋ. 77ರಲ್ಲಿ ಎರಡೂವರೆ ಕಳೆದರೆ 74.5. ಆ ಬೆಣ್ಣೆಯಲ್ಲಿ 80 ಕಿಲೋ ತುಪ್ಪ ಇರಲೇ ಇಲ್ಲ.

ನಷ್ಟ ಅನ್ನಬೇಕಾದದ್ದು ಆ ಎರಡೂವರೆ ಕಿಲೋವನ್ನು ಮಾತ್ರ. ಅದರಲ್ಲೂ ಗಸಿಯದ್ದನ್ನು ಒಂದಿಷ್ಟು ಮರಳಿ ಪಡೆಯಬಹುದು: ಗಸಿಗೆ ಬಿಸಿನೀರು ಹಾಕಿ ಕದಡಿ ಬಿಟ್ಟರೆ ಜಿಡ್ಡು ಮೇಲೆ ತೇಲುತ್ತದೆ, ತೆಗೆದು ಮುಂದಿನ ಬ್ಯಾಚಿಗೆ ಸೇರಿಸಬೇಕು. ಮನೆಯಲ್ಲಿ ಒಂದೇ ಕಿಲೋ ಕಾಯಿಸುವವರಿಗೆ ಪಾತ್ರೆಗೆ ಅಂಟುವ ಪಾಲು ಹೆಚ್ಚು. ಇಂಥ ಬೆಣ್ಣೆಗೆ 720ರಿಂದ 740 ಗ್ರಾಂ ಬಂದರೆ ಸರಿಯಾಗಿಯೇ ಕಾಯಿಸಿದ್ದಾರೆ. ಲೀಟರ್ ಅಳತೆಯಲ್ಲಿ ಅದು ಸುಮಾರು 800 ಮಿಲಿ, ಏಕೆಂದರೆ ಲೀಟರ್ ತುಪ್ಪ 910 ಗ್ರಾಂ ಆಸುಪಾಸು ತೂಗುತ್ತದೆ.

ಇಳುವರಿ ತೀರಾ ಚೆನ್ನಾಗಿ ಬಂದಾಗಲೂ ನೋಡಬೇಕು. ನೀರಿರುವತನಕ ಥರ್ಮಾಮೀಟರ್ ನೂರರ ಮೇಲೆ ಹೆಚ್ಚು ಏರುವುದಿಲ್ಲ. ನೀರೆಲ್ಲ ಆವಿಯಾದ ಮೇಲೆ ಸರ್ರನೆ ಏರಿ ಎರಡನೇ ಸಲ ಸಣ್ಣ ನೊರೆ ಕಟ್ಟುತ್ತದೆ. ಅದಕ್ಕೆ ಮೊದಲೇ ಇಳಿಸಿದರೆ ತೂಕದಲ್ಲಿ ನೀರೂ ಸೇರಿರುತ್ತದೆ, ತುಪ್ಪ ಬೇಗ ಕೆಡುತ್ತದೆ.

ಆ ಹಿರಿಯರ ಕ್ಷಮೆಯನ್ನು ಎಲ್ಲರೆದುರೇ ಕೇಳಿದೆ. ಶೀಟಿನಲ್ಲಿ ತೇವಾಂಶಕ್ಕೆ ಒಂದು ಕಾಲಂ ಸೇರಿಸಿ ಎಂದು ಮೇಲಿನವರಿಗೆ ಎರಡು ಸಲ ಬರೆದಾಯಿತು, 800 ಇನ್ನೂ ಹಾಗೇ ಅಚ್ಚಾಗುತ್ತಿದೆ. ಈಗ ಪ್ರತಿ ಲಾಟಿಗೂ ಪೆನ್ನಿನಲ್ಲಿ ಗೆರೆ ಎಳೆದು ತೇವಾಂಶ ಬರೆದ ಮೇಲೇ ಕೆಟಲ್‌ಗೆ ಬೆಣ್ಣೆ ಹಾಕಿಸುತ್ತೇನೆ.