ಕೆಟ್ಟಾಗ ಕೂಗುವ ಜಾಬ್ ಸರಿಯಾದಾಗಲೂ ಹೇಳಬೇಕು

ನಮ್ಮ ಕ್ರಾನ್ ಜಾಬ್ ವಿಫಲವಾದರೆ ಹದಿನೈದು ನಿಮಿಷಕ್ಕೊಮ್ಮೆ ಸಂದೇಶ ಕಳುಹಿಸುತ್ತಿತ್ತು. ಸರಿಯಾದರೆ ಸುಮ್ಮನಿರುತ್ತಿತ್ತು. ವರ್ಷಗಟ್ಟಲೆ ಇದು ಯಾರಿಗೂ ಕೊರತೆ ಅನ್ನಿಸಿರಲಿಲ್ಲ. ಒಂದು ಮಳೆಗಾಲದ ಸಂಜೆ ಆ ಮೌನದಿಂದಲೇ ಬೆಳೆಗಾರರ ಖಾತೆಗಳಿಗೆ ಎರಡೆರಡು ಸಲ ಹಣ ಜಮೆಯಾಯಿತು. ಅದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ನಾನು ಶಿರಸಿಯಲ್ಲಿ ಅಡಿಕೆ ವಹಿವಾಟಿನ ಒಂದು ಸಂಸ್ಥೆಯ ಗಣಕ ವಿಭಾಗದಲ್ಲಿದ್ದೇನೆ. ಟೆಂಡರ್ ಮುಗಿದ ಮೇಲೆ ಪ್ರತಿ ಶಾಖೆಯೂ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಲಾಟ್‌ವಾರು ದರ ಮತ್ತು ತೂಕವನ್ನು ತನ್ನ ಯಂತ್ರದಲ್ಲಿ ನಮೂದಿಸುತ್ತದೆ. ಮುಖ್ಯ ಕಚೇರಿಯ ಸರ್ವರ್ ಅದನ್ನು ಎಳೆದುಕೊಂಡು ಸದಸ್ಯರ ಖಾತೆಗೆ ಜಮೆ ಹಾಕುತ್ತದೆ. ಈ ಕೆಲಸ ಮಾಡುವುದೇ ಆ ಜಾಬ್. ಕ್ರಾನ್‌ಟ್ಯಾಬ್‌ನಲ್ಲಿ ಅದರ ವೇಳೆ `*/15 16-21 * * *`, ಅಂದರೆ ಸಂಜೆ 4ರಿಂದ 9.45ರವರೆಗೆ ಕಾಲು ಗಂಟೆಗೊಂದು ಸರದಿ. ರಾತ್ರಿ 8ರೊಳಗೆ ಒಂದು ಶಾಖೆಯ ಲಾಟ್‌ಗಳು ಬಾರದಿದ್ದರೆ ಕೈಯಿಂದ ನಮೂದಿಸಬೇಕೆಂಬುದು ಆಡಳಿತದ ನಿಯಮ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಬೆಳೆಗಾರರು ಹಣಕ್ಕೆ ನಿಂತಿರುತ್ತಾರೆ, ಅವರನ್ನು ವಾಪಸು ಕಳುಹಿಸುವಂತಿಲ್ಲ.

ಆ ದಿನ ಯಲ್ಲಾಪುರದ ಕಡೆ ಗಾಳಿಮಳೆಗೆ ಮರ ಬಿದ್ದು ಸಂಪರ್ಕ ಕಡಿದಿತ್ತು. 5.30ರ ಸರದಿ ವಿಫಲವಾಯಿತು. ಅಲ್ಲಿಂದ 7 ಗಂಟೆಯವರೆಗೆ ಏಳು ಸಂದೇಶಗಳು ಬಂದವು, ಎಲ್ಲವೂ ಒಂದೇ ಪಾಠ: ಯಲ್ಲಾಪುರ ಸಿಗುತ್ತಿಲ್ಲ. ಅಲ್ಲಿನ ಹಿರಿಯ ಗುಮಾಸ್ತರಿಗೆ ನಾನೇ ಫೋನ್ ಮಾಡಿ ಕಚೇರಿಯಲ್ಲಿ ಉಳಿಯುವಂತೆ ಕೇಳಿಕೊಂಡೆ. 7.15ಕ್ಕೆ ಸಂದೇಶ ಬರಲಿಲ್ಲ. 7.30ಕ್ಕೂ ಬರಲಿಲ್ಲ.

ಆ ಹೊತ್ತಿಗೆ ಶಿರಸಿಯಲ್ಲೂ ಕರೆಂಟ್ ಹೋಗಿತ್ತು. ಮನೆಯಿಂದ ಸರ್ವರ್‌ಗೆ ಲಾಗಿನ್ ಆಗಲು ನೋಡಿದರೆ ನನ್ನ ಕಡೆಯ ಇಂಟರ್‌ನೆಟ್ಟೇ ನಿಲ್ಲುತ್ತಿರಲಿಲ್ಲ. ಸಂದೇಶ ನಿಂತದ್ದಕ್ಕೆ ಎರಡು ಅರ್ಥ ಸಾಧ್ಯವಿತ್ತು. ಜಾಬ್ ಸರಿಯಾಗಿರಬಹುದು, ಇಲ್ಲವೇ ಯುಪಿಎಸ್ ಮುಗಿದು ಸರ್ವರ್ರೇ ನಿಂತಿರಬಹುದು. ಎರಡಕ್ಕೂ ಹೊರಗಿನಿಂದ ಕಾಣುವ ಲಕ್ಷಣ ಒಂದೇ. ಗುಮಾಸ್ತರು ಎಂಟಕ್ಕೆ ಐದು ನಿಮಿಷ ಇರುವಾಗ ಕರೆ ಮಾಡಿದರು. "ತಂಗೀ, ಸಂದೇಶ ನಿಂತಿದೆ. ನಾನು ಏನೆಂದು ತಿಳಿದುಕೊಳ್ಳಲಿ? ಸರಿಯಾಯಿತು ಅಂತಲೋ, ಪೂರ್ತಿ ಹೋಯಿತು ಅಂತಲೋ?" ನನ್ನ ಬಳಿ ಉತ್ತರವಿರಲಿಲ್ಲ. ನಿಯಮದಂತೆ ಕೈಯಿಂದ ನಮೂದಿಸುವುದೆಂದು ನಿರ್ಧರಿಸಿದೆವು. ಅವರು ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಪುಸ್ತಕ ನೋಡಿ ಒಂದೊಂದೇ ಲಾಟ್‌ನ ವಿವರ ಫೋನಿನಲ್ಲಿ ಓದಿದರು. ಶಿರಸಿ ಕಚೇರಿಯಲ್ಲಿ ಉಳಿದಿದ್ದ ಸಹೋದ್ಯೋಗಿ ಜನರೇಟರ್ ಹಾಕಿಸಿ ಲೆಕ್ಕದ ತಂತ್ರಾಂಶದಲ್ಲಿ ಜಮೆ ಚೀಟಿಗಳನ್ನು ಬರೆದರು. 38 ಲಾಟ್ ಮುಗಿಯುವಾಗ ಒಂಬತ್ತು ದಾಟಿತ್ತು.

ಬೆಳಿಗ್ಗೆ ಲಾಗ್ ತೆರೆದರೆ 7.15ರ ಸರದಿಯೇ 38 ಲಾಟ್‌ಗಳನ್ನೂ ತಂದು ಜಮೆ ಮಾಡಿತ್ತು. ಜಾಬ್ ತಾನು ತಂದ ಲಾಟ್ ಸಂಖ್ಯೆಯನ್ನು ಎರಡನೆಯ ಸಲ ಸ್ವೀಕರಿಸುವುದಿಲ್ಲ. ಆದರೆ ಕೈಚೀಟಿಗೆ ಬೇರೆಯೇ ಸಂಖ್ಯೆ ಬೀಳುವುದರಿಂದ ತಂತ್ರಾಂಶಕ್ಕೆ ಅವು ಹೊಸ ಜಮೆಗಳೇ. ಮಧ್ಯಾಹ್ನದವರೆಗೆ ಎದುರು ನಮೂದು ಹಾಕುತ್ತ ಕುಳಿತೆವು. ಅಷ್ಟರಲ್ಲಿ ಒಬ್ಬ ಬೆಳೆಗಾರರು ಎರಡೂ ಮೊತ್ತ ಸೇರಿಸಿ ಪಡೆದುಕೊಂಡು ಹೋಗಿದ್ದರು. ಅವರದು ತಪ್ಪೇನೂ ಇರಲಿಲ್ಲ, ಖಾತೆಯಲ್ಲಿ ಇದ್ದದ್ದನ್ನು ಪಡೆದಿದ್ದರು. ಮುಂದಿನ ಲಾಟ್‌ನಲ್ಲಿ ಹೊಂದಿಸಲು ಅವರು ಒಪ್ಪಿದರು, ಆದರೆ ಹಾಗೆ ಕೇಳುವ ಪರಿಸ್ಥಿತಿಯೇ ಬರಬಾರದಿತ್ತು.

ವಿಚಾರಣೆಯಲ್ಲಿ ಮಾತು ಬೇಗ ಸಂಪರ್ಕದ ಕಡೆಗೆ, ಎರಡನೆಯ ಲೈನಿನ ಖರ್ಚಿನ ಕಡೆಗೆ ಹರಿಯಿತು. ನನಗೆ ಸಿಟ್ಟು ಬಂದದ್ದು ಅಲ್ಲಿ. ಸಂಪರ್ಕ 7.15ಕ್ಕೆ ತಾನಾಗಿ ಬಂದಿತ್ತು, ಜಾಬ್ ತಾನಾಗಿ ಕೆಲಸ ಮುಗಿಸಿತ್ತು. ನಷ್ಟವೆಲ್ಲ ಆದದ್ದು ಅದರ ನಂತರ, ಆ ಸುದ್ದಿ ಕಾಯುತ್ತಿದ್ದವರಿಗೆ ತಲುಪದೇ ಹೋದದ್ದರಿಂದ.

ಹಾಗಾಗಿ ಜಾಬ್‌ನ ಸುತ್ತ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಹಿಂದೆ ಎಷ್ಟು ಸರದಿ ವಿಫಲವಾಗಿತ್ತು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಸ್ಥಿತಿ ಬದಲಾದಾಗ ಮಾತ್ರ ಮಾತಾಡುತ್ತದೆ.

```
F=/var/lib/patti/yellapura.fails
n=$(cat "$F" 2>/dev/null || echo 0)
if /opt/patti/run.sh; then
  if [ "$n" -ge 2 ]; then
    /opt/patti/notify.sh ok || exit 1
  fi
  echo 0 > "$F"
else
  n=$((n+1)); echo "$n" > "$F"
  if [ "$n" -eq 2 ]; then /opt/patti/notify.sh fail; fi
fi
```

ಇದರಲ್ಲಿ ಬೇಕೆಂದೇ ಇಟ್ಟ ಒಂದು ಅಸಮತೆ ಇದೆ. ದೂರು ಹೋಗುವುದು ಎರಡು ಸರದಿ ಸತತವಾಗಿ ವಿಫಲವಾದ ಮೇಲೆ, ಸರಿಯಾಯಿತೆಂಬ ಸುದ್ದಿ ಹೋಗುವುದು ಮೊದಲ ಯಶಸ್ಸಿಗೇ. ಮಳೆಗಾಲದಲ್ಲಿ ಸಂಪರ್ಕ ಕ್ಷಣ ಬಂದು ಕ್ಷಣ ಹೋಗುವುದು ಘಟ್ಟದ ಮೇಲೆ ಸಾಮಾನ್ಯ. ಒಂದು ಸರದಿ ತಪ್ಪಿದರೆ ಮುಂದಿನದು ಎಲ್ಲವನ್ನೂ ತರುತ್ತದೆ, ಆದ್ದರಿಂದ ದೂರು ಕಾಲು ಗಂಟೆ ತಡವಾದರೆ ಯಾರಿಗೂ ನಷ್ಟವಿಲ್ಲ. ಸರಿಯಾದ ಸುದ್ದಿ ತಡವಾದರೆ ಮಾತ್ರ ಒಬ್ಬ ಮನುಷ್ಯ ಕತ್ತಲ ಕಚೇರಿಯಲ್ಲಿ ಕಾರಣವಿಲ್ಲದೆ ಕುಳಿತಿರುತ್ತಾನೆ. ಸರಿಯಾಯಿತೆಂಬ ಸಂದೇಶ ಕಳುಹಿಸಲು ಆಗದಿದ್ದರೆ `exit 1` ಎಣಿಕೆಯನ್ನು ಅಳಿಸದೆ ಹೊರಬರುತ್ತದೆ, ಮುಂದಿನ ಸರದಿ ಮತ್ತೆ ಪ್ರಯತ್ನಿಸುತ್ತದೆ.

ಎಣಿಕೆಯ ಕಡತ ಮೊದಲು `/run` ಒಳಗಿತ್ತು. ಅದು ಮೆಮೊರಿಯಲ್ಲಿರುವ ಜಾಗ, ಸರ್ವರ್ ಮರುಚಾಲನೆಯಾದರೆ ಖಾಲಿ. ನಮ್ಮಲ್ಲಿ ಜಾಬ್ ಕೆಡುವ ದಿನವೇ ಕರೆಂಟ್ ಹೋಗುವುದೂ ಹೆಚ್ಚು. ಸರ್ವರ್ ಎದ್ದಾಗ ಹಿಂದೆ ವಿಫಲವಾದದ್ದೇ ಅದಕ್ಕೆ ಗೊತ್ತಿರುವುದಿಲ್ಲ, ಯಶಸ್ಸನ್ನು ಎಂದಿನ ಯಶಸ್ಸೆಂದು ತಿಳಿದು ಸುಮ್ಮನಾಗುತ್ತದೆ. ಒಂದು ಸಂಜೆ ಹಾಗೆಯೇ ಆಗಿ ದೂರು ತೆರೆದೇ ಉಳಿಯಿತು. ಈಗ ಅದು ಡಿಸ್ಕಿನ ಮೇಲಿನ `/var/lib` ಒಳಗಿದೆ.

ಇದಕ್ಕಿಂತ ಅಪಾಯದ್ದು ಸುಳ್ಳು ಸರಿಯಾಗುವಿಕೆ. `run.sh` ಒಳಗೆ ಶಾಖೆಯ ಡೇಟಾವನ್ನು `psql` ಮೂಲಕ ಓದಿ `gzip`ಗೆ ಪೈಪ್ ಮಾಡುವ ಸಾಲೊಂದಿತ್ತು. ಪೈಪಿನಲ್ಲಿ ಶೆಲ್ ನೋಡುವುದು ಕೊನೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ. ಸಂಪರ್ಕ ನಡುವೆ ಕಡಿದು `psql` ಸತ್ತರೂ `gzip` ಏನೂ ಇಲ್ಲದ ಒಳಹರಿವನ್ನು ನಿಷ್ಠೆಯಿಂದ ಒತ್ತಿ 20 ಬೈಟ್‌ಗಳ ಕಡತ ಮಾಡಿ ಯಶಸ್ಸೆಂದು ವರದಿ ಮಾಡುತ್ತದೆ. ಮುಂದಿನ ಹಂತ ಸೊನ್ನೆ ಲಾಟ್ ಜಮೆ ಮಾಡಿ ತೃಪ್ತವಾಗುತ್ತದೆ. ಹೊಸ ಸ್ಕ್ರಿಪ್ಟ್ ಪರೀಕ್ಷಿಸಲು ಸಂಪರ್ಕ ಅರ್ಧ ದಾರಿಯಲ್ಲಿ ಕಡಿಯುವಂತೆ ಮಾಡಿದಾಗ "ಸರಿಯಾಯಿತು" ಎಂಬ ಸಂದೇಶ ಬಂತು, ಆದರೆ ಒಂದು ಲಾಟೂ ಬಂದಿರಲಿಲ್ಲ. ಇಂಥ ಸಂದೇಶ ಮೌನಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ನಂಬಿ ಎಲ್ಲರೂ ಮನೆಗೆ ಹೋಗುತ್ತಾರೆ. `run.sh`ನ ಮೇಲ್ಭಾಗದಲ್ಲಿ `set -eo pipefail` ಸೇರಿಸಿದೆ. ಹೊರಗಿನ ಸ್ಕ್ರಿಪ್ಟಿನಲ್ಲಿ ಹಾಕಿದರೆ ಅದು ಒಳಗಿನದಕ್ಕೆ ಇಳಿದುಬರುವುದಿಲ್ಲ, ಪೈಪ್ ಇರುವ ಕಡತದಲ್ಲೇ ಇರಬೇಕು.

ಅಷ್ಟಕ್ಕೂ ನಿಲ್ಲಿಸಲಿಲ್ಲ. ಜಾಬ್ ಕೊನೆಯಲ್ಲಿ ಶಾಖೆಯ ಲಾಟ್ ಎಣಿಕೆಯನ್ನೂ ಇಲ್ಲಿಗೆ ಬಂದ ಎಣಿಕೆಯನ್ನೂ ಹೋಲಿಸುತ್ತದೆ. ಎರಡೂ ಒಂದಾದರೆ ಮಾತ್ರ ಯಶಸ್ಸು. ಶಾಖೆಯ ಎಣಿಕೆ ಸಿಗದೇ ಹೋದರೆ ಅದನ್ನು ಸೊನ್ನೆಯೆಂದು ಓದದೆ ವಿಫಲವೆಂದೇ ಓದುತ್ತದೆ. ಅಡಿಕೆ ಬಾರದ ದಿನ ಸೊನ್ನೆಯೂ ನಿಜವಾದ ಉತ್ತರವೇ, ಆದರೆ ಅದನ್ನು ಶಾಖೆ ಹೇಳಬೇಕು, ನಾವು ಊಹಿಸಬಾರದು.

ಪ್ರೊಮಿಥಿಯಸ್ ಬಳಸುವ ಗೆಳೆಯರಿಗೂ ಒಂದು ಮಾತು. ಅದರ ಅಲರ್ಟ್‌ಮ್ಯಾನೇಜರ್‌ನಲ್ಲಿ ಇಮೇಲ್‌ಗೆ `send_resolved` ಎಂಬುದು ತಾನಾಗಿ `false` ಇರುತ್ತದೆ, ನೀವೇ `true` ಮಾಡಬೇಕು. ಮಾಡಿದ ಮೇಲೂ ಅಲ್ಲಿ ಸರಿಯಾಯಿತು ಎಂದರೆ ಷರತ್ತು ಈಗ ಉರಿಯುತ್ತಿಲ್ಲ ಎಂದಷ್ಟೇ. ಮಾಪನದ ಡೇಟಾ ಬರುವುದೇ ನಿಂತರೂ ಷರತ್ತು ಆರಿಹೋಗಿ ಅದೇ ಸಂದೇಶ ಹೊರಡುತ್ತದೆ. ಡೇಟಾ ಇಲ್ಲದಿರುವುದಕ್ಕೆ `absent()` ಬಳಸಿ ಪ್ರತ್ಯೇಕ ಅಲರ್ಟ್ ಬೇಕು.

ನಮ್ಮ ಸಂದೇಶ ಈಗ ಹೀಗಿರುತ್ತದೆ:

```
[ಸರಿಯಾಯಿತು] ಯಲ್ಲಾಪುರ ಲಾಟ್ ವರ್ಗಾವಣೆ
ಕೆಟ್ಟದ್ದು 17:30, ಸರಿಯಾದದ್ದು 19:15
ಶಾಖೆಯಲ್ಲಿ 38 ಲಾಟ್, ಇಲ್ಲಿ 38 ಲಾಟ್
ಕೈಯಿಂದ ನಮೂದಿಸಬೇಡಿ. ಇನ್ನು ಕಾಯಬೇಕಾಗಿಲ್ಲ.
```

ಕೊನೆಯ ಸಾಲನ್ನು ಗುಮಾಸ್ತರೇ ಸೂಚಿಸಿದರು. "ಸರಿಯಾಯಿತು ಎಂದರೆ ಸಾಲದು, ನಾನು ಏನು ಮಾಡಬೇಕು ಎಂದು ಬರೆ" ಎಂದರು. ಆ ಸಂಜೆ ಅವರ ಹೆಸರು ಸಂದೇಶದ ಪಟ್ಟಿಯಲ್ಲೇ ಇರಲಿಲ್ಲ. ಅವರಿಗೆ ವಿಷಯ ತಿಳಿದದ್ದು ನನ್ನ ಫೋನಿನಿಂದ, ಬಂದ ಸಂದೇಶಗಳನ್ನು ನಾನೇ ಒಂದೊಂದಾಗಿ ಅವರಿಗೆ ದಾಟಿಸುತ್ತಿದ್ದೆ. ಈಗ ಪ್ರತಿ ಶಾಖೆಗೂ ಒಂದು ಪಟ್ಟಿ ಇದೆ, ಯಾರನ್ನು ಕಾಯಲು ಕೂರಿಸುತ್ತೇವೋ ಅವರೆಲ್ಲ ಅದರಲ್ಲಿದ್ದಾರೆ, ದೂರು ಹಾಗೂ ಪರಿಹಾರ ಎರಡೂ ಅದೇ ಪಟ್ಟಿಗೆ ಹೋಗುತ್ತವೆ.

ವ್ಯವಸ್ಥಾಪಕರು ಮೊದಲು ಒಪ್ಪಲಿಲ್ಲ. ಕೆಟ್ಟ ಸುದ್ದಿಗೇ ಇಷ್ಟು ಎಸ್‌ಎಂಎಸ್ ಆದರೆ ಒಳ್ಳೆಯ ಸುದ್ದಿಗೂ ಏಕೆ ಖರ್ಚು ಎಂಬುದು ಅವರ ಪ್ರಶ್ನೆ. ಆ ಸಂಜೆಯ ಲಾಗ್ ತೋರಿಸಿದೆ: ಹಳೆಯ ರೀತಿಯಲ್ಲಿ ಏಳು, ಹೊಸ ರೀತಿಯಲ್ಲಿ ಎರಡು. ಅನುಮತಿ ಸಿಕ್ಕಿತು.

ಇಷ್ಟಾದರೂ ಒಂದು ತೂತು ಉಳಿದಿತ್ತು. ಸರ್ವರ್ರೇ ನಿಂತರೆ ಈ ಸ್ಕ್ರಿಪ್ಟ್ ದೂರನ್ನೂ ಕಳುಹಿಸಲಾರದು, ಪರಿಹಾರವನ್ನೂ ಹೇಳಲಾರದು. ಅದಕ್ಕೆ ಸಿದ್ದಾಪುರ ಶಾಖೆಯ ಯಂತ್ರವೊಂದು ಸಂಜೆಯುದ್ದಕ್ಕೂ ಮುಖ್ಯ ಸರ್ವರ್‌ನ ಕೊನೆಯ ಸರದಿಯ ವೇಳೆಯನ್ನು ನೋಡುತ್ತಿರುತ್ತದೆ. ಅರ್ಧ ಗಂಟೆ ದಾಟಿದರೆ ತಾನೇ ದೂರು ಕೊಡುತ್ತದೆ, ಸರದಿ ಮರಳಿದಾಗ ತಾನೇ ಪರಿಹಾರದ ಸಂದೇಶವನ್ನೂ ಕಳುಹಿಸುತ್ತದೆ. ಸಿದ್ದಾಪುರದಲ್ಲೂ ಅದೇ ಹೊತ್ತಿಗೆ ಕರೆಂಟ್ ಹೋಗಿದ್ದರೆ ಮಾತ್ರ ಫೋನ್ ಮಾಡಿ ಕೇಳುವುದನ್ನು ಬಿಟ್ಟು ಬೇರೆ ದಾರಿ ಇಲ್ಲ. ಅಂಥ ದಿನಕ್ಕೆಂದು ನಿಯಮವನ್ನೂ ಬದಲಿಸಿಕೊಂಡಿದ್ದೇವೆ: ಕೈಚೀಟಿ ಬರೆಯುವ ಮುಂಚೆ ಆ ಶಾಖೆಯ ಒಂದು ಲಾಟ್ ಸಂಖ್ಯೆಯನ್ನು ಲೆಕ್ಕದ ತಂತ್ರಾಂಶದಲ್ಲಿ ಹುಡುಕಿ ನೋಡಬೇಕು.