ಕೊಪ್ಪಳದ 12×8 ಫ್ಲೆಕ್ಸ್: ತಿದ್ದಿದ ಹೆಸರಿನ ತಪಾಸಣೆ

ಗವಿಮಠದ ಜಾತ್ರೆಗೆ ಶುಭ ಕೋರುವ ಫ್ಲೆಕ್ಸ್, 12×8 ಅಡಿ. ಫೈಲು ಮಾಡಿರೋದು 12×8 ಇಂಚಿಗೆ, 300 dpi. ಅಂದ್ರೆ ಫೈಲಿನ ಒಂದಿಂಚು ಫ್ಲೆಕ್ಸ್ ಮೇಲೆ ಒಂದಡಿ. ಕೆಳಸಾಲಿನಲ್ಲಿ "ಮಲಿಕಾರ್ಜುನ" ಅಂತ ಬಿದ್ದಿತ್ತು. ಸರಿಪಡಿಸಿದ "ಮಲ್ಲಿಕಾರ್ಜುನ" ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬಂತು, ಅದನ್ನೇ ಹಳೆಯದರ ಮೇಲೆ ಕೂರಿಸಲಾಗಿತ್ತು.

ಕೋರೆಲ್‌ಡ್ರಾದಲ್ಲಿ ಆ ಚಿತ್ರ ಒತ್ತಿದರೆ ಕೆಳಗಿನ ಪಟ್ಟಿಯಲ್ಲಿ `96 x 96 dpi` ಕಾಣುತ್ತದೆ. ತೊಂಬತ್ತಾರು ಸಾಕಪ್ಪ ಅನ್ನಿಸೋದು ಇಲ್ಲೇ. ಫೈಲು ಹನ್ನೆರಡು ಪಟ್ಟು ಹಿಗ್ಗುವುದರಿಂದ ಅದನ್ನು 12ರಿಂದ ಭಾಗಿಸಬೇಕು: ಉಳಿದದ್ದು ಇಂಚಿಗೆ 8 ಪಿಕ್ಸೆಲ್. ಒಂದೊಂದು ಪಿಕ್ಸೆಲ್ 3 ಮಿಮೀ ಅಗಲ. ಉಳಿದ ವಿನ್ಯಾಸ 300ರ ಲೆಕ್ಕದಲ್ಲಿ ಇಂಚಿಗೆ 25, ಪಿಕ್ಸೆಲ್ 1 ಮಿಮೀ. ಪಕ್ಕದ ಸಾಲು ಚೂಪಾಗಿದ್ದು ಹೆಸರೊಂದೇ ಮಂಜಾದರೆ ತೇಪೆ ಹಾಕಿದ್ದು ರಸ್ತೆಯಾಚೆಯಿಂದಲೇ ಗೊತ್ತಾಗುತ್ತದೆ. ಚಿತ್ರದ dpi ಏರಿಸಿದರೂ ಪ್ರಯೋಜನವಿಲ್ಲ, ಅದೇ ಮಂಜು ಹೆಚ್ಚು ಪಿಕ್ಸೆಲ್‌ಗಳಲ್ಲಿ ಹರಡುತ್ತದೆ ಅಷ್ಟೆ.

ಹಾಗಾಗಿ ಚಿತ್ರ ತೆಗೆದು ಹೆಸರನ್ನು ಅದೇ ಫಾಂಟ್‌ನಲ್ಲಿ ಮತ್ತೆ ಟೈಪ್ ಮಾಡಿ, `Ctrl+Q` ಒತ್ತಿ ಕರ್ವ್, ಅಂದ್ರೆ ಪಿಕ್ಸೆಲ್ ಇಲ್ಲದ ಗೆರೆಗಳ ಆಕಾರ, ಮಾಡಲಾಯಿತು. ಆದರೂ ಕೆಲಸ ಮುಗಿಯಲಿಲ್ಲ. ಮುದ್ರಣಕ್ಕೆ ಟಿಫ್ ಚಿತ್ರವಾಗಿ ತೆಗೆಯುವಾಗ ಕರ್ವ್ ಕೂಡ ಪಿಕ್ಸೆಲ್ ಆಗುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ 72 ಉಳಿದಿದ್ದರೆ ಇಂಚಿಗೆ 6 ಮಾತ್ರ, ವಾಟ್ಸಾಪ್ ಚಿತ್ರಕ್ಕಿಂತ ಕಡಿಮೆ! 300ಕ್ಕಿಂತ ಕೆಳಗೆ ಇಳಿಯಬಾರದು.

ಇನ್ನು ಬ್ಲೀಡ್, ಅಂದ್ರೆ ಅಂಚಿನಾಚೆ ಬಿಡುವ ಹೆಚ್ಚುವರಿ ಜಾಗ. ಕಬ್ಬಿಣದ ಚೌಕಟ್ಟಿನ ಹಿಂದಕ್ಕೆ ಮಡಚಲು ಪ್ರತಿ ಬದಿಗೆ 3 ಇಂಚು ಬೇಕು, ಫೈಲಿನಲ್ಲಿ ಅದು ಕಾಲಿಂಚು. ವಿಸಿಟಿಂಗ್ ಕಾರ್ಡಿನ ರೂಢಿಯಲ್ಲಿ 3 ಮಿಮೀ ಬಿಟ್ಟರೆ ಸಿಗೋದು ಸುಮಾರು 1.4 ಇಂಚು, ಮಡಚುವಾಗ ಬಿಳಿ ಅಂಚು ಇಣುಕುತ್ತದೆ. ಪುಟ ಈಗ 12.5×8.5 ಇಂಚು. ಹಿನ್ನೆಲೆಯ ಬಣ್ಣ ಮಾತ್ರ ಈ ಅಂಚಿಗೆ ಹಿಗ್ಗಬೇಕು, ಅಕ್ಷರವಲ್ಲ.

ತಿದ್ದುಪಡಿ ತಂದ ಹೊಸ ತೊಂದರೆ ಲ ಒತ್ತಿನದು. ಹಳೆಯ ಹೆಸರಿನ ಬುಡ ಅಂಚಿನಿಂದ 4 ಇಂಚು ಮೇಲಿತ್ತು. ಹೊಸದರಲ್ಲಿ ಒತ್ತು ಎರಡೂವರೆ ಇಂಚು ಕೆಳಗಿಳಿದು ಒಂದೂವರೆ ಮಾತ್ರ ಉಳಿಯಿತು. ಚೌಕಟ್ಟಿಗೆ ಬಿಗಿದಾಗ ಫ್ಲೆಕ್ಸ್ ಸ್ವಲ್ಪ ಎಳೆದುಕೊಂಡರೂ ಒತ್ತು ಕಬ್ಬಿಣದ ಅಂಚಿನ ಮೇಲೆ ಕೂರುತ್ತದೆ. ಅಕ್ಷರದ ಎತ್ತರ ಕುಗ್ಗಿಸುವ ಚಾಳಿ ಬೇಡ, ಚಪ್ಪಟೆಯಾಗುತ್ತದೆ. ಸಾಲನ್ನೇ ಎರಡೂವರೆ ಇಂಚು, ಫೈಲಿನಲ್ಲಿ 0.21 ಇಂಚು, ಮೇಲಕ್ಕೆ ಸರಿಸಿದರೆ ಒತ್ತಿನ ಕೆಳಗೂ 4 ಇಂಚು ಸಿಗುತ್ತದೆ.

ಮುದ್ರಣಕ್ಕೆ ಮುಂಚೆ "ಲ್ಲಿ" ಇರುವ 200×275 ಪಿಕ್ಸೆಲ್ ತುಂಡನ್ನು ಕತ್ತರಿಸಿ, 8×11 ಇಂಚಿಗೆ ಹಿಗ್ಗಿಸಿ ಎ4 ಹಾಳೆಯಲ್ಲಿ ತೆಗೆದು ಗೋಡೆಗಂಟಿಸಿ ಹತ್ತಡಿ ದೂರದಿಂದ ನೋಡಲಾಯಿತು. ಅಂಚು ಮೆಟ್ಟಿಲಾಗಿ ಕಾಣಲಿಲ್ಲ.

ಮಷಿನ್‌ನವರಿಗೆ ಫೈಲಿನ ಜೊತೆ ಬರೆದುಕೊಟ್ಟದ್ದು: "150×102 ಇಂಚು, ಬ್ಲೀಡ್ ಸೇರಿ." 12×8 ಅಂತ ಬಾಯಲ್ಲಿ ಹೇಳಿದರೆ ಬ್ಲೀಡ್ ಸಮೇತ ಇಡೀ ಫೈಲನ್ನು 12 ಅಡಿಗೆ ಕುಗ್ಗಿಸಿಬಿಡುತ್ತಾರೆ.